ಡಯಾಬಿಟಿಸ್ ಕಾನ್ಸೆಪ್ಟ್ ಮ್ಯಾಪ್: ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಡಯಾಬಿಟಿಸ್ ಪೂರ್ತಿಯನ್ನು ಒಂದೇ ಹಾಳೆಯಲ್ಲಿ ಹಿಡಿಯಲು ಹೋದವರ ಮ್ಯಾಪ್ ಜೇಡರ ಬಲೆಯಂತಾಗುತ್ತದೆ. ಅದಕ್ಕೇ ಇಲ್ಲಿ ಒಂದೇ ಸ್ಥಿತಿಯನ್ನು ತೆಗೆದುಕೊಂಡಿದ್ದೇನೆ: ಡಯಾಬಿಟಿಕ್ ಕೀಟೋಆಸಿಡೋಸಿಸ್, ವಾರ್ಡಿನ ಮಾತಿನಲ್ಲಿ ಡಿಕೆಎ. ಕಾಯಿಲೆ ದೇಹದೊಳಗೆ ಏನು ಮಾಡುತ್ತದೆ, ನರ್ಸ್ ಏನು ನೋಡಬೇಕು, ಏನು ಮಾಡಬೇಕು ಅನ್ನುವ ಮೂರೂ ಇದರಲ್ಲಿ ಗಂಟೆ ಗಂಟೆಗೂ ಒಂದಕ್ಕೊಂದು ತಾಗುತ್ತವೆ.

ಕಾನ್ಸೆಪ್ಟ್ ಮ್ಯಾಪ್ ಅಂದರೆ ಮೈಂಡ್ ಮ್ಯಾಪ್ ತಾನೆ?

ಅಲ್ಲ. ಮೈಂಡ್ ಮ್ಯಾಪ್‌ನಲ್ಲಿ ನಡುವೆ "ಡಯಾಬಿಟಿಸ್" ಅಂತ ಬರೆದು ಸುತ್ತಲೂ ಲಕ್ಷಣ, ಔಷಧ, ಆಹಾರ ಅಂತ ಕೊಂಬೆ ಎಳೆಯುತ್ತೀರಿ. ಗೆರೆಗಳ ಮೇಲೆ ಏನೂ ಬರೆದಿರುವುದಿಲ್ಲ. ಕಾನ್ಸೆಪ್ಟ್ ಮ್ಯಾಪ್‌ನ ಜೀವ ಇರುವುದೇ ಗೆರೆಯ ಮೇಲಿನ ಮಾತಿನಲ್ಲಿ. ಎರಡು ಚೌಕ, ಅವುಗಳ ನಡುವೆ ಒಂದು ಬಾಣ, ಬಾಣದ ಮೇಲೆ ಒಂದು ಕ್ರಿಯಾಪದ. ಮೂರನ್ನೂ ಸೇರಿಸಿ ಓದಿದರೆ ಒಂದು ಪೂರ್ಣ ವಾಕ್ಯ ಆಗಬೇಕು.

ಈ ವಿಧಾನವನ್ನು ರೂಪಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ತಂಡ, 1972ರಲ್ಲಿ. ಮಕ್ಕಳು ವಿಜ್ಞಾನವನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾರೆ ಅಂತ ನೋಡಲು ಅವರಿಗೊಂದು ದಾರಿ ಬೇಕಿತ್ತು. ನರ್ಸಿಂಗ್‌ಗೆ ಅದು ಆಮೇಲೆ ಬಂತು.

ಯಾವ ರೋಗಿಯನ್ನು ಇಟ್ಟುಕೊಂಡು ಬರೆಯೋಣ?

ಅಭ್ಯಾಸಕ್ಕೆ ಅಂತ ಕಟ್ಟಿಕೊಂಡ ಒಂದು ಕೇಸ್ ಇದು. 19 ವರ್ಷದ ಹುಡುಗಿ, ತೂಕ 50 ಕಿಲೋ, ಟೈಪ್ 1 ಡಯಾಬಿಟಿಸ್. ಎರಡು ದಿನದಿಂದ ಜ್ವರ, ವಾಂತಿ. "ಊಟಾನೇ ಮಾಡಿಲ್ಲ, ಇನ್ಸುಲಿನ್ ಯಾಕೆ ಅಂತ ಬಿಟ್ಟೆ" ಅನ್ನುತ್ತಾಳೆ. ಬಾಯಿ ಒಣಗಿದೆ. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ.

ನಾಡಿ 124, ಬಿಪಿ 92/58. ಉಸಿರಾಟ ನಿಮಿಷಕ್ಕೆ 30, ತುಂಬಾ ಆಳ. ಆಕ್ಸಿಜನ್ ಸ್ಯಾಚುರೇಶನ್ 98. ರಕ್ತದ ಗ್ಲೂಕೋಸ್ 420 ಮಿಲಿಗ್ರಾಂ. ರಕ್ತದ ಪಿಎಚ್ 7.18, ಬೈಕಾರ್ಬೊನೇಟ್ 7, ಪೊಟ್ಯಾಸಿಯಂ 5.6. ಮೂತ್ರದಲ್ಲಿ ಕೀಟೋನ್ ಜಾಸ್ತಿ.

ಈ ಅಂಕಿಗಳನ್ನು ಈಗಲೇ ಬಾಯಿಪಾಠ ಮಾಡಬೇಡಿ. ಒಂದೊಂದೂ ಮ್ಯಾಪ್‌ನಲ್ಲಿ ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ.

ಮೊದಲ ಚೌಕದಲ್ಲಿ ಏನು ಬರೆಯಬೇಕು? "ಡಿಕೆಎ" ಅಂತಲಾ?

ಬೇಡ. ಡಿಕೆಎ ಒಂದು ಹೆಸರು ಅಷ್ಟೇ, ಅದು ಏನನ್ನೂ ಮಾಡುವುದಿಲ್ಲ. ಮೇಲಿನ ಚೌಕದಲ್ಲಿ "ಇನ್ಸುಲಿನ್ ಇಲ್ಲ" ಅಂತ ಬರೆಯಿರಿ. ಪಕ್ಕದಲ್ಲೇ "ಜ್ವರ, ವಾಂತಿ" ಅಂತ ಇನ್ನೊಂದು ಚೌಕ ಇರಲಿ. ಕಾಯಿಲೆ ಬಂದಾಗ ಕಾರ್ಟಿಸೋಲ್, ಗ್ಲುಕಗಾನ್, ಅಡ್ರಿನಲಿನ್ ಏರುತ್ತವೆ. ಇವು ಇನ್ಸುಲಿನ್‌ಗೆ ಎದುರು ನಿಂತು, ಗ್ಲೂಕೋಸ್ ಹೊರಗೆ ಬಿಡು ಅಂತ ಲಿವರ್‌ಗೆ ಹೇಳುತ್ತವೆ. ಅಂದರೆ ಈ ಹುಡುಗಿಗೆ ಇನ್ಸುಲಿನ್ ಬೇಕಾಗಿದ್ದದ್ದು ಕಡಿಮೆ ಅಲ್ಲ, ಜಾಸ್ತಿ. ಅವಳು ಬಿಟ್ಟಿದ್ದೂ ಸರಿಯಾಗಿ ಆ ಹೊತ್ತಿನಲ್ಲೇ.

ಇಲ್ಲಿಂದ ಎರಡು ಕವಲು ಇಳಿಯುತ್ತವೆ. ಎಡಗಡೆ ಸಕ್ಕರೆಯದು, ಬಲಗಡೆ ಕೊಬ್ಬಿನದು.

ಎಡ ಕವಲಿನಲ್ಲಿ ಏನೇನು ಬರುತ್ತದೆ?

ಬಾಣಗಳನ್ನು ಮಾತಿನಲ್ಲಿ ಓದುತ್ತಾ ಹೋಗೋಣ. ಇನ್ಸುಲಿನ್ ಇಲ್ಲದೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲಿವರ್ ಮಾತ್ರ ಗ್ಲೂಕೋಸ್ ಸುರಿಯುತ್ತಲೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ ಸೋಸಿದ ಗ್ಲೂಕೋಸನ್ನೆಲ್ಲ ವಾಪಸ್ ಹೀರಲು ಕಿಡ್ನಿಗೆ ಆಗುವುದಿಲ್ಲ, ಅದು ಮೂತ್ರಕ್ಕೆ ಸೋರುತ್ತದೆ. ಸೋರಿದ ಗ್ಲೂಕೋಸ್ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನೀರು ಹೋದಷ್ಟು ರಕ್ತನಾಳದಲ್ಲಿನ ದ್ರವ ಕಡಿಮೆ ಆಗುತ್ತದೆ. ಬಿಪಿ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ಓಡುತ್ತದೆ.

ಈಗ ಕೇಸಿಗೆ ಬನ್ನಿ. 420 ಒಂದು ಚೌಕದ ಪಕ್ಕಕ್ಕೆ, 92/58 ಮತ್ತು 124 ಇನ್ನೊಂದರ ಪಕ್ಕಕ್ಕೆ. ಒಣಗಿದ ಬಾಯಿಯೂ ಅಲ್ಲೇ.

ಇದೇ ಕವಲಿನಲ್ಲಿ ಒಂದು ಮೋಸವೂ ಇದೆ. ಬೇರೆ ಡಿಹೈಡ್ರೇಶನ್‌ಗಳಲ್ಲಿ ಮೂತ್ರ ಕಡಿಮೆ ಆಗುತ್ತದೆ ಅಂತ ಓದಿರುತ್ತೀರಿ. ಇಲ್ಲಿ ರೋಗಿ ಒಣಗುತ್ತಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಿರಬಹುದು, ಯಾಕೆಂದರೆ ಒಣಗಿಸುತ್ತಿರುವುದೇ ಆ ಮೂತ್ರ. "ಯೂರಿನ್ ಔಟ್‌ಪುಟ್ ಚೆನ್ನಾಗಿದೆ, ಆದ್ದರಿಂದ ದ್ರವದ ಕೊರತೆ ಇಲ್ಲ" ಅಂತ ಬರೆದ ಕೇರ್ ಪ್ಲಾನ್‌ಗಳನ್ನು ನಾನು ಬೇಕಾದಷ್ಟು ತಿದ್ದಿದ್ದೇನೆ. ಬಾಣವನ್ನು ನಿಜವಾಗಿ ಎಳೆದವರು ಈ ತಪ್ಪು ಮಾಡುವುದು ಕಡಿಮೆ. ಮೂತ್ರದ ಅಳತೆಯನ್ನು ನಾಡಿ, ಬಿಪಿ, ಗ್ಲೂಕೋಸ್ ಜೊತೆ ಸೇರಿಸಿಯೇ ಓದಬೇಕು.

ಬಲ ಕವಲು?

ಇನ್ಸುಲಿನ್ ಇದ್ದಾಗ ಕೊಬ್ಬಿನ ಕೋಶಗಳಿಗೆ ಒಂದು ಬೀಗ ಇರುತ್ತದೆ. ಅದು ಹೋದ ತಕ್ಷಣ ಕೊಬ್ಬು ಕರಗಿ ಫ್ಯಾಟಿ ಆಸಿಡ್ ಹೊರಬರುತ್ತದೆ. ಲಿವರ್ ಅದನ್ನು ಕೀಟೋನ್ ಮಾಡುತ್ತದೆ. ಕೀಟೋನ್‌ಗಳು ಆಮ್ಲ. ಅವನ್ನು ತಡೆದುಕೊಳ್ಳಲು ಬೈಕಾರ್ಬೊನೇಟ್ ಖರ್ಚಾಗುತ್ತದೆ. ಖರ್ಚಾಗಿ ಖರ್ಚಾಗಿ 7ಕ್ಕೆ ಇಳಿದಿದೆ, ಪಿಎಚ್ 7.18 ಆಗಿದೆ. ಆಮ್ಲ ಏರಿದ್ದನ್ನು ಮೆದುಳು ಗುರುತಿಸಿ, ಕಾರ್ಬನ್ ಡೈ ಆಕ್ಸೈಡ್ ಹೊರಹಾಕಲು ಉಸಿರಾಟವನ್ನು ಆಳವಾಗಿಸಿ ವೇಗ ಹೆಚ್ಚಿಸುತ್ತದೆ. ಇದೇ ಕುಸ್‌ಮಾಲ್ ಉಸಿರಾಟ. ಆ ಹಣ್ಣಿನ ವಾಸನೆ ಅಸಿಟೋನ್‌ನದ್ದು, ಅದೂ ಕೀಟೋನ್ ಚೌಕಕ್ಕೇ ಸೇರಿದ್ದು.

ಉಸಿರಾಟ 30 ಅಂತ ಕಂಡ ಕೂಡಲೇ "ಉಸಿರಾಟದ ತೊಂದರೆ, ಆಕ್ಸಿಜನ್ ಕೊಡುವುದು" ಅಂತ ಬರೆಯುವ ಅಭ್ಯಾಸ ನಿಮಗಿದ್ದರೆ ಬಾಣದ ದಿಕ್ಕನ್ನು ಇನ್ನೊಮ್ಮೆ ನೋಡಿ. ಸ್ಯಾಚುರೇಶನ್ 98 ಇದೆ. ತೊಂದರೆ ಶ್ವಾಸಕೋಶದಲ್ಲಿಲ್ಲ. ಆ ವೇಗದ ಉಸಿರು ದೇಹ ಮಾಡಿಕೊಳ್ಳುತ್ತಿರುವ ಚಿಕಿತ್ಸೆ. ಅದನ್ನು ನಿಧಾನ ಮಾಡಲು ಹೋಗಬಾರದು. ಹಾಗಾದರೆ ನರ್ಸ್ ಏನು ನೋಡಬೇಕು? ಉಸಿರಿನ ವೇಗ ಕಡಿಮೆ ಆಗುತ್ತಿದೆ ಅಂದರೆ ಆಮ್ಲ ಕಡಿಮೆ ಆಗಿದೆಯೋ, ಅಥವಾ ರೋಗಿ ದಣಿದು ಸೋಲುತ್ತಿದ್ದಾಳೋ ಅನ್ನುವುದನ್ನು. ಎರಡರಲ್ಲೂ ಚಾರ್ಟಿನಲ್ಲಿ ಅಂಕಿ ಒಂದೇ ರೀತಿ ಇಳಿಯುತ್ತದೆ. ಪಿಎಚ್ ಸುಧಾರಿಸದೆ ಉಸಿರು ಮಾತ್ರ ಇಳಿದರೆ, ಜೊತೆಗೆ ಮಂಪರು ಹೆಚ್ಚಾದರೆ, ತಕ್ಷಣ ಡಾಕ್ಟರನ್ನು ಕರೆಯಬೇಕು.

ಅಸೆಸ್‌ಮೆಂಟ್ ಎಲ್ಲಿ ಬರೆಯುವುದು, ಇಂಟರ್ವೆನ್ಷನ್ ಎಲ್ಲಿ?

ಅಸೆಸ್‌ಮೆಂಟ್ ಚೌಕಕ್ಕೆ ಸೇರುತ್ತದೆ, ಇಂಟರ್ವೆನ್ಷನ್ ಬಾಣಕ್ಕೆ. ಈ ಒಂದು ನಿಯಮ ನಾನೇ ಮಾಡಿಕೊಂಡದ್ದು, ಆದರೆ ತುಂಬಾ ಕೆಲಸಕ್ಕೆ ಬಂದಿದೆ.

ಯಾಕೆ ಹಾಗೆ? ಚೌಕ ಅಂದರೆ ದೇಹದ ಒಂದು ಸ್ಥಿತಿ. ಆ ಸ್ಥಿತಿ ಇದೆಯೋ ಇಲ್ಲವೋ ಅಂತ ಹೇಳುವುದು ನಿಮ್ಮ ಕಣ್ಣು, ಕೈ, ಮಾನಿಟರ್, ಲ್ಯಾಬ್ ರಿಪೋರ್ಟ್. ಬಾಣ ಅಂದರೆ ಒಂದರಿಂದ ಇನ್ನೊಂದು ಆಗುವ ದಾರಿ. ಚಿಕಿತ್ಸೆ ಮಾಡುವುದು ಆ ದಾರಿಯನ್ನು ಕತ್ತರಿಸುವ ಕೆಲಸ. ಇಂಟರ್ವೆನ್ಷನ್ ಬರೆಯುವಾಗ ಅದು ಯಾವ ಬಾಣವನ್ನು ಕತ್ತರಿಸುತ್ತದೆ ಅಂತ ತೋರಿಸಲು ಆಗದಿದ್ದರೆ, ಅದನ್ನು ಪುಸ್ತಕದಿಂದ ಸುಮ್ನೆ ಇಳಿಸಿಕೊಂಡಿದ್ದೀರಿ ಅಂತ ಅರ್ಥ.

ನಮ್ಮ ಕೇಸಿನಲ್ಲಿ ಮಾಡಿ ನೋಡಿ. ನಾರ್ಮಲ್ ಸಲೈನ್ ಎಲ್ಲಿ ಕೂರುತ್ತದೆ? "ನೀರು ಹೋಗುತ್ತದೆ" ಮತ್ತು "ಬಿಪಿ ಇಳಿಯುತ್ತದೆ" ಇವುಗಳ ನಡುವಿನ ಬಾಣದ ಮೇಲೆ. ಡಿಕೆಎಯಲ್ಲಿ ಮೊದಲ ಒಂದು ಗಂಟೆಯಲ್ಲೇ ಅರ್ಧದಿಂದ ಒಂದು ಲೀಟರ್‌ವರೆಗೆ ಹೋಗುವುದು ಸಾಮಾನ್ಯ. ಕತ್ತರಿಸಿತೋ ಇಲ್ಲವೋ ಅಂತ ಗೊತ್ತಾಗುವುದು ಆ ಬಾಣದ ತುದಿಯ ಚೌಕದಲ್ಲಿ: ನಾಡಿ 124ರಿಂದ ಇಳಿಯುತ್ತಿದೆಯಾ, ಬಿಪಿ ಏರುತ್ತಿದೆಯಾ, ಕೈಕಾಲು ಬೆಚ್ಚಗಾಗುತ್ತಿದೆಯಾ. ಇವೇ ನಿಮ್ಮ ಇವ್ಯಾಲ್ಯುಯೇಶನ್. ಪ್ರತ್ಯೇಕವಾಗಿ ಯೋಚಿಸಬೇಕಾಗಿಯೇ ಇಲ್ಲ. ಅದೇ ಬಾಣದ ಪಕ್ಕದಲ್ಲಿ ಡ್ರಿಪ್ ವೇಗವಾಗಿ ಹೋಗುವಾಗ ಶ್ವಾಸಕೋಶ ಕೇಳಿಸಿಕೊಳ್ಳುವುದನ್ನೂ ಬರೆಯಿರಿ. ದ್ರವ ಅತಿಯಾದರೆ ಮೊದಲು ಸದ್ದು ಮಾಡುವುದು ಅಲ್ಲೇ.

ಇನ್ಸುಲಿನ್ ಇನ್ಫ್ಯೂಶನ್ ಸ್ವಲ್ಪ ಮೇಲೆ ಕೂರುತ್ತದೆ, ಎರಡೂ ಕವಲುಗಳ ಬುಡದಲ್ಲಿ. ಸಾಮಾನ್ಯ ಪ್ರಮಾಣ ಗಂಟೆಗೆ ಕಿಲೋಗೆ 0.1 ಯೂನಿಟ್, ಅಂದರೆ ಈ ಹುಡುಗಿಗೆ ಗಂಟೆಗೆ 5 ಯೂನಿಟ್. 50 ಮಿಲಿ ಸಲೈನ್‌ನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಇದ್ದರೆ ಪಂಪ್ ಗಂಟೆಗೆ 5 ಮಿಲಿ. ಆರ್ಡರ್ ಡಾಕ್ಟರದ್ದು, ಲೆಕ್ಕವನ್ನು ಇನ್ನೊಬ್ಬ ನರ್ಸ್ ಜೊತೆ ಸೇರಿ ಪರೀಕ್ಷಿಸುವುದು ನಿಮ್ಮದು. ಗಂಟೆಗೊಮ್ಮೆ ಗ್ಲೂಕೋಸ್ ನೋಡುವುದೂ ನಿಮ್ಮದೇ. ಸುಮಾರು 50ರಿಂದ 75 ಮಿಲಿಗ್ರಾಂನಷ್ಟು ಪ್ರತಿ ಗಂಟೆ ಇಳಿದರೆ ಸರಿಯಾದ ದಾರಿ.

ಪೊಟ್ಯಾಸಿಯಂ 5.6, ಅಂದರೆ ಜಾಸ್ತಿ. ಹಾಗಾದರೆ ಪೊಟ್ಯಾಸಿಯಂ ಕಡಿಮೆ ಮಾಡುವುದು ಅಂತ ಬರೆಯಬೇಕಲ್ವಾ?

ನಾನು ವಿದ್ಯಾರ್ಥಿಯಾಗಿದ್ದಾಗ ಬರೆದದ್ದೂ ಇದನ್ನೇ. ನನ್ನ ಮೊದಲ ಡಿಕೆಎ ಕೇರ್ ಪ್ಲಾನ್‌ನಲ್ಲಿ "ಪೊಟ್ಯಾಸಿಯಂ ಇರುವ ಆಹಾರ ಬೇಡ" ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಮಧ್ಯಾಹ್ನದ ರಿಪೋರ್ಟ್‌ನಲ್ಲಿ ಅದೇ ರೋಗಿಗೆ ಪೊಟ್ಯಾಸಿಯಂ ಡ್ರಿಪ್‌ನಲ್ಲಿ ಸೇರಿಸುತ್ತಿದ್ದರು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಾನು ಮಾಡಿದ ತಪ್ಪು ಪಟ್ಟಿ ಮಾಡಿದ್ದು. ಪಟ್ಟಿಯಲ್ಲಿ ಪೊಟ್ಯಾಸಿಯಂ ಒಂದು ಸಾಲು, ಮ್ಯಾಪ್‌ನಲ್ಲಿ ಅದು ಎರಡೂ ಕವಲುಗಳನ್ನು ಅಡ್ಡಲಾಗಿ ಕಟ್ಟುವ ಕೊಂಡಿ. ಹೀಗೆ ಎಳೆಯಿರಿ. ಆಮ್ಲ ಹೆಚ್ಚಿರುವುದು, ಇನ್ಸುಲಿನ್ ಇಲ್ಲದಿರುವುದು, ರಕ್ತ ಗಟ್ಟಿಯಾಗಿರುವುದು, ಮೂರೂ ಸೇರಿ ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗಿಂದ ರಕ್ತಕ್ಕೆ ತಳ್ಳುತ್ತವೆ. ಎಡ ಕವಲಿನಿಂದ ಇನ್ನೊಂದು ಬಾಣ: ಜಾಸ್ತಿ ಮೂತ್ರದ ಜೊತೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ವಾಂತಿಯೂ ಕೈ ಜೋಡಿಸುತ್ತದೆ. ಅಂದರೆ ರಕ್ತದಲ್ಲಿ ಕಾಣುವುದು 5.6, ದೇಹದ ಉಗ್ರಾಣ ಮಾತ್ರ ಖಾಲಿ ಆಗುತ್ತಿದೆ.

ಈಗ ಇನ್ಸುಲಿನ್ ಶುರು ಮಾಡಿ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ವಾಪಸ್ ಕೋಶದೊಳಗೆ ಕಳಿಸುತ್ತದೆ. ರಕ್ತದ ಅಂಕಿ ಸರಸರ ಇಳಿಯುತ್ತದೆ. ನಮ್ಮ ಕೇಸಿನಲ್ಲಿ ಎರಡು ಗಂಟೆ ಬಿಟ್ಟು 4.2 ಬಂತು ಅನ್ನೋಣ. ಅಂಕಿ ನೋಡಿದರೆ ನಾರ್ಮಲ್, ದಿಕ್ಕು ನೋಡಿದರೆ ಅಲ್ಲ. ಈ ಹೊತ್ತಿಗೇ ಡ್ರಿಪ್‌ಗೆ ಪೊಟ್ಯಾಸಿಯಂ ಸೇರಿಸುವ ಆರ್ಡರ್ ಬರುತ್ತದೆ. ಶುರುವಿನಲ್ಲೇ ಸುಮಾರು 3.3ಕ್ಕಿಂತ ಕಡಿಮೆ ಇದ್ದಿದ್ದರೆ ಇನ್ಸುಲಿನ್ನನ್ನೇ ತಡೆದು ಮೊದಲು ಪೊಟ್ಯಾಸಿಯಂ ಕೊಡುತ್ತಿದ್ದರು. ಕೆಲವು ಕಡೆಯ ಪ್ರೋಟೋಕಾಲ್‌ನಲ್ಲಿ ಈ ಗೆರೆ 3.5. ಇಲ್ಲದಿದ್ದರೆ ಇನ್ಸುಲಿನ್ ಅದನ್ನು ಇನ್ನಷ್ಟು ಕೆಳಗೆ ಎಳೆದು ಹೃದಯದ ಲಯ ಕೆಡಿಸಬಹುದು.

ಹಾಗಾಗಿ ಇನ್ಸುಲಿನ್ ಬಾಣದ ಪಕ್ಕದಲ್ಲಿ ಮೂರು ಮಾತು ಬರೆದುಕೊಳ್ಳಿ: ಶುರು ಮಾಡುವ ಮುಂಚೆ ಪೊಟ್ಯಾಸಿಯಂ ರಿಪೋರ್ಟ್, ಮಾನಿಟರ್‌ನಲ್ಲಿ ಇಸಿಜಿ, ಪೊಟ್ಯಾಸಿಯಂ ಹಾಕುವ ಮುಂಚೆ ಮೂತ್ರ ಬರುತ್ತಿದೆಯೇ. ಪೊಟ್ಯಾಸಿಯಂ ಜಾಸ್ತಿ ಆದರೆ ಟಿ ಅಲೆ ಚೂಪಾಗಿ ಎದ್ದು ನಿಲ್ಲುತ್ತದೆ. ಕಡಿಮೆ ಆದರೆ ಚಪ್ಪಟೆಯಾಗುತ್ತದೆ. ಮೊದಲ ವರ್ಷಕ್ಕೆ ಇಷ್ಟು ಇಸಿಜಿ ಸಾಕು.

ಮೂರು ಗಂಟೆ ಕಳೆದ ಮೇಲೆ ಗ್ಲೂಕೋಸ್ 240ಕ್ಕೆ ಬಂತು. ಇನ್ಸುಲಿನ್ ನಿಲ್ಲಿಸಬಹುದಾ?

ಉತ್ತರ ಮ್ಯಾಪ್‌ನಲ್ಲೇ ಇದೆ. ಎಡ ಕವಲು ಶಾಂತವಾಗುತ್ತಿದೆ, ಸರಿ. ಬಲ ಕವಲು? ಪಿಎಚ್ ಇನ್ನೂ 7.25, ಬೈಕಾರ್ಬೊನೇಟ್ 12 ಇದೆ ಅನ್ನೋಣ. ಕೀಟೋನ್ ತಯಾರಾಗುವುದು ಇನ್ನೂ ಪೂರ್ತಿ ನಿಂತಿಲ್ಲ. ಗ್ಲೂಕೋಸ್ ಬೇಗ ಇಳಿಯುತ್ತದೆ, ಆಮ್ಲ ನಿಧಾನವಾಗಿ ಸರಿಹೋಗುತ್ತದೆ. ಈಗ ಇನ್ಸುಲಿನ್ ನಿಲ್ಲಿಸಿದರೆ ಆ ಬೀಗ ಮತ್ತೆ ತೆರೆದುಕೊಳ್ಳುತ್ತದೆ.

ಹಾಗಂತ ಇದೇ ವೇಗದಲ್ಲಿ ಬಿಟ್ಟರೆ ಗ್ಲೂಕೋಸ್ ತೀರಾ ಇಳಿಯಬಹುದು. ಅದಕ್ಕೇ ಸುಮಾರು 250ಕ್ಕಿಂತ ಕೆಳಗೆ ಬಂದಾಗ ಡ್ರಿಪ್‌ಗೆ ಡೆಕ್ಸ್‌ಟ್ರೋಸ್ ಸೇರುತ್ತದೆ. ಒಂದು ಕೈಯಲ್ಲಿ ಸಕ್ಕರೆ, ಇನ್ನೊಂದು ಕೈಯಲ್ಲಿ ಇನ್ಸುಲಿನ್. ನೋಡಿದವರಿಗೆ ಹುಚ್ಚು ಅನ್ನಿಸುತ್ತದೆ. ಡೆಕ್ಸ್‌ಟ್ರೋಸ್ ಇರುವುದು ಬಲ ಕವಲಿಗೆ ಬೇಕಾದ ಇನ್ಸುಲಿನ್ ಮುಂದುವರಿಸಲು ಅವಕಾಶ ಮಾಡಿಕೊಡಲಿಕ್ಕೆ ಅಂತ ಗೊತ್ತಾದರೆ ಹುಚ್ಚು ಕಳೆಯುತ್ತದೆ.

ಚರ್ಮದಡಿಯ ಇನ್ಸುಲಿನ್‌ಗೆ ಬದಲಾಯಿಸುವಾಗಲೂ ಇದೇ ತರ್ಕ. ದೀರ್ಘಕಾಲದ ಇನ್ಸುಲಿನ್ ಇಂಜೆಕ್ಷನ್ ಕೊಟ್ಟು ಒಂದೆರಡು ಗಂಟೆ ಆದ ಮೇಲೆಯೇ ಇನ್ಫ್ಯೂಶನ್ ನಿಲ್ಲಿಸುತ್ತಾರೆ, ನಡುವೆ ಖಾಲಿ ಹೊತ್ತು ಬರಬಾರದು ಅಂತ.

ಗ್ಲೂಕೋಸ್ ತೀರಾ ಕಡಿಮೆ ಆಗುವುದನ್ನೂ ಇದೇ ಮ್ಯಾಪ್‌ನಲ್ಲಿ ತೋರಿಸಬೇಕಾ?

ಹೌದು, ಇನ್ಸುಲಿನ್ ಇಂಟರ್ವೆನ್ಷನ್‌ನಿಂದ ಹೊರಡುವ ಚುಕ್ಕಿ ಬಾಣವಾಗಿ. 70ಕ್ಕಿಂತ ಕಡಿಮೆ ಅಂದರೆ ಹೈಪೋಗ್ಲೈಸೀಮಿಯಾ. ಬೆವರು, ನಡುಕ, ಎದೆಬಡಿತ, ಆಮೇಲೆ ಗೊಂದಲ. ಚಿಕಿತ್ಸೆಯೇ ತರಬಹುದಾದ ಅಪಾಯಗಳನ್ನು ಚುಕ್ಕಿ ಬಾಣದಲ್ಲಿ ಹಾಕಿದರೆ ಯಾವುದು ಕಾಯಿಲೆ, ಯಾವುದು ನಾವು ಮಾಡಿದ್ದು ಅನ್ನುವುದು ಕಣ್ಣಿಗೆ ಬೇರೆಯಾಗಿ ಕಾಣುತ್ತದೆ.

ಟೈಪ್ 2 ರೋಗಿಗೂ ಇದೇ ಮ್ಯಾಪ್ ನಡೆಯುತ್ತದಾ?

ಅರ್ಧ ನಡೆಯುತ್ತದೆ. ಟೈಪ್ 2ರಲ್ಲಿ ಸಾಮಾನ್ಯವಾಗಿ ಸ್ವಲ್ಪ ಇನ್ಸುಲಿನ್ ಉಳಿದಿರುತ್ತದೆ. ಸಕ್ಕರೆಯನ್ನು ಹತೋಟಿಗೆ ತರಲು ಅದು ಸಾಲದು, ಕೊಬ್ಬಿನ ಬೀಗ ಹಾಕಿಡಲು ಸಾಕು. ಬಲ ಕವಲನ್ನು ಪೆನ್ಸಿಲ್‌ನಲ್ಲಿ ಅಳಿಸಿ ನೋಡಿ. ವಾಂತಿ, ಆಳವಾದ ಉಸಿರು ಇಲ್ಲದೇ ಹೋದಾಗ ಎಚ್ಚರಿಕೆಯ ಗಂಟೆಯೂ ತಡವಾಗಿ ಬಾರಿಸುತ್ತದೆ. ಎಡ ಕವಲು ದಿನಗಟ್ಟಲೆ ಓಡುತ್ತದೆ, ಗ್ಲೂಕೋಸ್ 600 ದಾಟುತ್ತದೆ, ರೋಗಿ ತೀರಾ ಒಣಗಿ ಮಂಪರಿನಲ್ಲಿ ಬರುತ್ತಾರೆ. ಎಚ್‌ಎಚ್‌ಎಸ್ ಅನ್ನುವ ಸ್ಥಿತಿ ಇದೇ. ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುತ್ತದೆ. ಟೈಪ್ 2 ಇದ್ದವರಿಗೆ ಡಿಕೆಎ ಬರುವುದೇ ಇಲ್ಲ ಅಂತ ಮಾತ್ರ ಬರೆಯಬೇಡಿ, ಬರುತ್ತದೆ.

ನನ್ನ ಮ್ಯಾಪ್ ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಗಟ್ಟಿಯಾಗಿ ಓದಿ. ಪ್ರತಿ ಬಾಣವೂ ವಾಕ್ಯ ಆಗಬೇಕು. ಎಲ್ಲಾ ಬಾಣಗಳ ಮೇಲೂ "ಕಾರಣ" ಅಂತ ಒಂದೇ ಪದ ಇದ್ದರೆ ನೀವು ಇನ್ನೂ ಯೋಚಿಸಿಲ್ಲ. "ಸೋರುತ್ತದೆ", "ಎಳೆಯುತ್ತದೆ", "ಖರ್ಚು ಮಾಡುತ್ತದೆ" ಅನ್ನುವಂಥ ಪದ ಹುಡುಕುವಾಗಲೇ ಪ್ಯಾಥೊಫಿಸಿಯಾಲಜಿ ತಲೆಗೆ ಇಳಿಯುವುದು.

ಆಮೇಲೆ ಒಂದು ಚೌಕವನ್ನು ಬೆರಳಿನಿಂದ ಮುಚ್ಚಿ. ಅದು ಇಲ್ಲದಿದ್ದರೆ ಕೆಳಗೆ ಏನೇನು ಬದಲಾಗುತ್ತದೆ ಅಂತ ಗೆಳತಿಗೆ ಹೇಳಿ. ಹೇಳಲು ಆಗದಿದ್ದರೆ ಆ ಚೌಕ ಅಲ್ಲಿ ಅಲಂಕಾರಕ್ಕೆ ಕೂತಿದೆ. ಎರಡು ಕವಲುಗಳ ನಡುವೆ ಒಂದೂ ಅಡ್ಡ ಕೊಂಡಿ ಇಲ್ಲದ ಮ್ಯಾಪ್ ಕಂಡರೆ ನಾನು ಮೊದಲು ಕೇಳುವುದು "ಪೊಟ್ಯಾಸಿಯಂ ಎಲ್ಲಿ ಹೋಯಿತು?" ಅಂತ.

ಎಷ್ಟು ಚೌಕ ಇರಬೇಕು? ಬಣ್ಣ ಹಾಕಬೇಕಾ?

ಹದಿನೈದು, ಇಪ್ಪತ್ತು ಸಾಕು. ಅಸೆಸ್‌ಮೆಂಟ್‌ಗೆ ಒಂದು ಬಣ್ಣ, ಇಂಟರ್ವೆನ್ಷನ್‌ಗೆ ಒಂದು. ಇನ್ನೂ ಜಾಸ್ತಿ ಬಣ್ಣ ಬೇಕು ಅನ್ನಿಸಿದರೆ ಓದುವುದು ಬಿಟ್ಟು ಚಿತ್ರ ಬಿಡಿಸುತ್ತಿದ್ದೀರಿ.

ಒಮ್ಮೆ ಬರೆದ ಮ್ಯಾಪ್ ಡ್ಯೂಟಿ ಮುಗಿಯುವವರೆಗೂ ನಡೆಯುತ್ತದಾ?

ಬಾಣಗಳು ನಡೆಯುತ್ತವೆ, ಅಂಕಿಗಳು ನಡೆಯುವುದಿಲ್ಲ. ಅಂಕಿ ಬರೆದ ಕಡೆಯೆಲ್ಲ ಗಂಟೆಯನ್ನೂ ಬರೆಯಿರಿ. 8 ಗಂಟೆಗೆ 5.6, 10 ಗಂಟೆಗೆ 4.2. ಗಂಟೆ ಇಲ್ಲದ 4.2 ನೋಡಿ "ನಾರ್ಮಲ್" ಅಂತ ರಿಪೋರ್ಟ್ ಕೊಟ್ಟರೆ ಮುಂದಿನ ಡ್ಯೂಟಿಯವರಿಗೆ ಅದು ಬೀಳುತ್ತಿದೆ ಅಂತ ತಿಳಿಯುವುದೇ ಇಲ್ಲ.

ಮನೆಗೆ ಹೋಗುವಾಗ ಹೇಳಿಕೊಡಬೇಕಾದದ್ದು ಮ್ಯಾಪ್‌ನಲ್ಲಿ ಎಲ್ಲಿ ಬರುತ್ತದೆ?

ತುದಿಯಲ್ಲಿ ಅಲ್ಲ, ಮೇಲಿನ ಮೊದಲ ಬಾಣದ ಮೇಲೆ. "ಊಟ ಮಾಡಿಲ್ಲ" ಅನ್ನುವುದರಿಂದ "ಇನ್ಸುಲಿನ್ ಬಿಟ್ಟೆ" ಅನ್ನುವುದಕ್ಕೆ ಹೋದ ಬಾಣ ಅದು. ಇಡೀ ಮ್ಯಾಪ್‌ನಲ್ಲಿ ದೇಹ ಎಳೆಯದ, ಆ ಹುಡುಗಿಯೇ ಎಳೆದ ಬಾಣ ಇದೊಂದೇ. "ಔಷಧ ತಪ್ಪಿಸಬೇಡಿ" ಅಂತ ಹೇಳಿ ಕಳಿಸಿದರೆ ಅದು ಕತ್ತರಿಸುವುದಿಲ್ಲ. ಅವಳ ಪ್ರಕಾರ ಅವಳು ತಪ್ಪಿಸಿಲ್ಲ, ಜಾಣತನ ಮಾಡಿದ್ದಾಳೆ.

ಊಟ ಇಲ್ಲದಿದ್ದರೂ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ, ಜ್ವರದಲ್ಲಿ ಇನ್ನೂ ಜಾಸ್ತಿ ಬಿಡುತ್ತದೆ ಅಂತ ಹೇಳಿ. ಬೇಸಲ್ ಇನ್ಸುಲಿನ್ ನಿಲ್ಲಿಸಬಾರದು. ಮೈ ಹುಷಾರಿಲ್ಲದ ದಿನ ಕೆಲವು ಗಂಟೆಗೊಮ್ಮೆ ಗ್ಲೂಕೋಸ್ ನೋಡಿಕೊಳ್ಳಬೇಕು, ಕೀಟೋನ್ ಪರೀಕ್ಷಿಸಬೇಕು, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ವಾಂತಿ ನಿಲ್ಲದಿದ್ದರೆ ಅಥವಾ ಕೀಟೋನ್ ಕಂಡರೆ ಕಾಯದೆ ಆಸ್ಪತ್ರೆಗೆ ಬರಬೇಕು. ಆಮೇಲೆ ಅವಳಿಂದಲೇ ಕೇಳಿ: "ಮುಂದಿನ ಸಲ ಎರಡು ದಿನ ಊಟ ಸೇರದಿದ್ದರೆ ಏನು ಮಾಡ್ತೀಯ?" ಅವಳು ಏನು ಹೇಳುತ್ತಾಳೋ ಅದನ್ನೇ ಆ ಬಾಣದ ಪಕ್ಕ ಬರೆದುಕೊಳ್ಳಿ.